ಟೇಲ್ಸ್ ಅಂತ ಹೆಸರಿಟ್ಟೆವು, ಜನ ಟೈಲ್ಸ್ ಕೇಳಿಕೊಂಡು ಬಂದರು

"ಹಾಸನದಲ್ಲಿ ಯುಗಾದಿಗೆ ಪೆಟ್ ಕ್ಲಿನಿಕ್ ಶುರು ಮಾಡ್ತಿದ್ದೇವೆ. ನಮ್ಮಕ್ಕ ಡಾಕ್ಟರ್, ಮುಂದುಗಡೆ ಫುಡ್, ಬೆಲ್ಟ್ ಅಂಗಡಿ ನನ್ನದು. 'ಪಾಸಮ್ ಟೇಲ್ಸ್ ಮಲ್ಟಿ ಸ್ಪೆಷಾಲಿಟಿ ಪೆಟ್ ಹಾಸ್ಪಿಟಲ್ ಅಂಡ್ ಪೆಟ್ ಶಾಪ್' ಅಂತ ಹೆಸರು. ಲೋಗೊ ರೆಡಿ ಇದೆ, ನಾಳೆ ಬೋರ್ಡಿಗೆ ಅಡ್ವಾನ್ಸ್ ಕೊಡ್ತೀನಿ. ಹೇಗಿದೆ ಹೇಳಿ."

ತಮ್ಮಾ, ನಾಳೆ ಅಡ್ವಾನ್ಸ್ ಕೊಡಬೇಡಿ. ಒಂದು ವಾರ ತಡೆಯಿರಿ. ನಾನು ಸಾಮಾನ್ಯವಾಗಿ ಈ ಗ್ರೂಪಿನಲ್ಲಿ ಓದಿ ಸುಮ್ಮನಾಗುವವಳು. ಆದರೆ ಆ "ಟೇಲ್ಸ್" ನೋಡಿ ಹೊಟ್ಟೆಯಲ್ಲಿ ಒಂಥರಾ ಆಯಿತು. ಅದೇ ತಪ್ಪನ್ನು ನಾವು ಶಿವಮೊಗ್ಗದಲ್ಲಿ ಮಾಡಿ, ಎರಡು ವರ್ಷ ಅನುಭವಿಸಿ, ಕೊನೆಗೆ ಬೋರ್ಡ್ ಇಳಿಸಿದವರು.

ನಮ್ಮದೂ ನಿಮ್ಮ ಥರವೇ. ಯಜಮಾನರು ಡಾಕ್ಟರ್, ಮುಂದಿನ ಅಂಗಡಿ ನನ್ನದು. "ಹ್ಯಾಪಿ ಟೇಲ್ಸ್ ಪೆಟ್ ಹಾಸ್ಪಿಟಲ್" ಅಂತ ಇಟ್ಟೆವು. ಇಂಗ್ಲಿಷಿನಲ್ಲಿ ಬಾಲವೂ ಆಯಿತು, ಕಥೆಯೂ ಆಯಿತು ಅಂತ ನಮಗೆ ನಾವೇ ಬೆನ್ನು ತಟ್ಟಿಕೊಂಡೆವು. ಉದ್ಘಾಟನೆಯ ಮಾರನೇ ದಿನವೇ ಮೇಸ್ತ್ರಿಯೊಬ್ಬರು ಬಂದು, "ಬಾತ್‌ರೂಮಿಗೆ ಎರಡಡಿದು ಇದ್ಯಾ ಮೇಡಂ?" ಅಂದರು. ನಕ್ಕು ಕಳಿಸಿದೆ. ವಾರಕ್ಕೆ ಇಬ್ಬರಾದರೂ ಟೈಲ್ಸ್ ಕೇಳಿಕೊಂಡು ಬರುತ್ತಿದ್ದರು, ಅದು ಮನೆಯಲ್ಲಿ ತಮಾಷೆಯಾಗಿತ್ತು.

ತಮಾಷೆ ನಿಂತದ್ದು ಒಂದು ರಾತ್ರಿ. ಹತ್ತೂಮುಕ್ಕಾಲಿಗೆ ಫೋನ್. ಲ್ಯಾಬ್ ನಾಯಿ ಇಲಿ ಪಾಷಾಣ ತಿಂದಿದೆ, ಬರ್ತಾ ಇದ್ದೀವಿ ಅಂದರು. ಯಜಮಾನರು ಬಾಗಿಲು ತೆಗೆದು ಕಾದರು. ನಲವತ್ತು ನಿಮಿಷವಾದರೂ ಆಳಿಲ್ಲ. ಆಟೋದವನಿಗೆ ಆ ಹುಡುಗಿ ಅಳುತ್ತಾ "ಹ್ಯಾಪಿ ಟೇಲ್ಸ್" ಅಂದಿದ್ದಾಳೆ. ಅವನು ಊರಾಚೆ ಇದ್ದ ಟೈಲ್ಸ್ ಅಂಗಡಿಗಳ ಸಾಲಿಗೆ ಕರೆದುಕೊಂಡು ಹೋಗಿದ್ದಾನೆ. ವಾಂತಿ ಮಾಡಿಸುವಷ್ಟು ಹೊತ್ತು ಉಳಿದಿತ್ತು, ನಾಯಿ ಬದುಕಿತು. ಆದರೆ ಆ ಹುಡುಗಿ ಮತ್ತೆ ನಮ್ಮಲ್ಲಿಗೆ ಬರಲಿಲ್ಲ. ಅವಳ ತಪ್ಪಲ್ಲ, ಆಟೋದವನ ತಪ್ಪೂ ಅಲ್ಲ.

ಅವತ್ತಿನಿಂದ ನನಗೆ ಹಿಡಿದ ಹುಚ್ಚು ಇದು: ಹೆಸರನ್ನು ಕಾಗದದ ಮೇಲೆ ನೋಡಬಾರದು, ಫೋನಿನಲ್ಲಿ ಹೇಳಿ ನೋಡಬೇಕು. ಹತ್ತು ಜನರನ್ನು ಆರಿಸಿಕೊಳ್ಳಿ. ನೆಂಟರು, ಗೆಳೆಯರು ಬೇಡ, ಅವರು ನಿಮ್ಮ ಮುಖ ನೋಡಿ ಚೆನ್ನಾಗಿದೆ ಅಂತಾರೆ. ಒಬ್ಬ ಆಟೋದವನು, ಮೆಡಿಕಲ್ ಶಾಪಿನ ಹುಡುಗ, ಹಾಲಿನವರು, ಅರವತ್ತು ದಾಟಿದ ಇಬ್ಬರು ಇರಲಿ. ಗಾಡಿಗಳ ಗಲಾಟೆ ಇರುವ ರಸ್ತೆಯಲ್ಲಿ ನಿಂತು ಫೋನ್ ಮಾಡಿ. ಹೆಸರು ಒಂದೇ ಸಲ ಹೇಳಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿಡಲು ಹೇಳಿ. "ಇದು ಯಾವ ಅಂಗಡಿ ಇರಬಹುದು?" ಅಂತಲೂ ಕೇಳಿ. ಮೂರು ದಿನ ಬಿಟ್ಟು ಮತ್ತೆ ಫೋನ್ ಮಾಡಿ, "ಅವತ್ತು ಏನೋ ಹೆಸರು ಹೇಳಿದ್ದೆನಲ್ಲ, ಏನದು?" ಅನ್ನಿ. ಇಷ್ಟೇ ಪರೀಕ್ಷೆ. ಲೋಗೊಗೆ ಕೊಟ್ಟ ದುಡ್ಡಿನ ಅರ್ಧವೂ ಖರ್ಚಾಗಲ್ಲ.

ನಮ್ಮ ಹಳೇ ಹೆಸರನ್ನೇ ಮೊದಲು ಹೀಗೆ ಪರೀಕ್ಷೆ ಮಾಡಿದೆ. ನಾಲ್ಕು ಜನ ಟೈಲ್ಸ್ ಅಂತ ಬರೆದರು, ಇಬ್ಬರು ಟೈಲರ್ಸ್, ಒಬ್ಬರು ಸೇಲ್ಸ್. ಸರಿಯಾಗಿ ಬರೆದವರು ಮೂರೇ ಜನ. ಆಮೇಲೆ "ಮನೆಮಂದಿ" ಅಂತ ಒಂದು ಹೆಸರು ನನಗೆ ತುಂಬಾ ಇಷ್ಟವಾಗಿತ್ತು. ನಾಯಿ ಬೆಕ್ಕು ಕೂಡ ಮನೆಮಂದಿಯೇ ಅಲ್ವಾ? ಕನ್ನಡದಲ್ಲಿ ಒಂಬತ್ತು ಜನ ಸರಿ ಬರೆದರು. ಆದರೆ ಇಂಗ್ಲಿಷಿನಲ್ಲಿ Mane Mandi ಅಂತ ಬರೆದದ್ದನ್ನು ಓದಿದವರೆಲ್ಲ ಮಂಡಿ ಅಂದರು. ನಮ್ಮ ಊರಲ್ಲಿ ಮಂಡಿ ಅಂದರೆ ಒಂದೇ ಅರ್ಥ. "ಅಡಿಕೆ ರೇಟ್ ಎಷ್ಟಿದೆ ಅಕ್ಕ?" ಅಂತ ಮೆಡಿಕಲ್ ಹುಡುಗ ಕೇಳಿದ ಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟೆ.

ಕೊನೆಗೆ ಗೆದ್ದದ್ದು "ಟಾಮಿ". ಹೌದು, ನಗಬೇಡಿ. ಹತ್ತಕ್ಕೆ ಹತ್ತೂ ಜನ ಕನ್ನಡದಲ್ಲಿ ಸರಿ ಬರೆದರು. ಯಾವ ಅಂಗಡಿ ಅಂದರೆ ಒಂಬತ್ತು ಜನ ನಾಯಿಯ ವಿಷಯ ಅಂದರು. ಮೂರು ದಿನದ ಮೇಲೂ ಯಾರೂ ಮರೆತಿರಲಿಲ್ಲ. ಬೋರ್ಡ್ ಈಗ "ಟಾಮಿ ನಾಯಿ ಬೆಕ್ಕಿನ ಕ್ಲಿನಿಕ್", ಕೆಳಗೆ ಯಜಮಾನರ ಹೆಸರು, ಡಿಗ್ರಿ, ರಿಜಿಸ್ಟ್ರೇಷನ್ ನಂಬರ್, ಬಾಗಿಲು ತೆಗೆದಿರುವ ಸಮಯ. ಆತ್ಮೀಯತೆ ಟಾಮಿಯಿಂದ ಬರುತ್ತದೆ, ನಂಬಿಕೆ ಕೆಳಗಿನ ಸಾಲಿನಿಂದ. ಒಂದೇ ಪದದಲ್ಲಿ ಎರಡನ್ನೂ ತುರುಕಲು ಹೋದಾಗಲೇ ಈ "ಪಾಸಮ್" ಥರದವು ಹುಟ್ಟುವುದು. ಹಾಗಂತ ಟಾಮಿ ಪೂರ್ತಿ ಸರಿಯಾಯಿತು ಅಂತಲೂ ಅಲ್ಲ. ಬೆಕ್ಕಿನವರು ಕೆಲವರು ಈಗಲೂ "ನಿಮ್ಮದು ನಾಯಿಗೆ ಮಾತ್ರ ಅಂದುಕೊಂಡಿದ್ದೆವು" ಅಂತಾರೆ. ಬೋರ್ಡಿನಲ್ಲಿ ಬೆಕ್ಕು ಅಂತ ಇದ್ದರೂ!

ನಿಮ್ಮ "ಪಾಸಮ್" ಬಗ್ಗೆ. ಇಂಗ್ಲಿಷಿನಲ್ಲಿ Pawsome ಅಂತ ಬರೆದರೆ ಪಂಜ ಕಾಣುತ್ತದೆ. ಕನ್ನಡದಲ್ಲಿ ಪಾಸಮ್ ಅಂತ ಬರೆದ ಕೂಡಲೇ ಪಂಜ ಮಾಯ, ಬಸ್ ಪಾಸೋ ಎಸ್ಸೆಸ್ಸೆಲ್ಸಿ ಪಾಸೋ ಉಳಿಯುತ್ತದೆ. ಬೋರ್ಡ್ ಇಂಗ್ಲಿಷಿನಲ್ಲಿ ದೊಡ್ಡದಾಗಿ ಹಾಕ್ತೀನಿ ಅನ್ನಬೇಡಿ. 2024ರ ತಿದ್ದುಪಡಿ ಆದ ಮೇಲೆ ಬೋರ್ಡಿನ ಶೇ. 60 ಭಾಗ ಕನ್ನಡವೇ ಇರಬೇಕು, ಅದೂ ಮೇಲ್ಭಾಗದಲ್ಲಿ. ಅಂದರೆ ಜನ ಮೊದಲು ನೋಡುವುದೇ ಕನ್ನಡದ ಅಕ್ಷರ. ಅದಕ್ಕೇ ಹೆಸರನ್ನು ಕನ್ನಡದಲ್ಲೇ ಯೋಚಿಸಿ, ಆಮೇಲೆ ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ. ಮೇಲೆ ಒಬ್ಬರು "ಹೆಡ್ಸ್ ಅಪ್ ಫಾರ್ ಟೇಲ್ಸ್ ನೋಡಿ, ಎಷ್ಟು ದೊಡ್ಡದಾಗಿ ಬೆಳೆದಿದೆ" ಅಂದಿದ್ದಾರೆ. ಅದು ನಾಯಿ ಬೆಕ್ಕಿನ ಸಾಮಾನು ಮಾರುವ ಕಂಪನಿ, ದೊಡ್ಡ ಊರುಗಳ ಗಿರಾಕಿಗೆ ಇಟ್ಟ ಹೆಸರು, ಅಲ್ಲಿ ಆ ಶ್ಲೇಷೆ ನಡೆಯುತ್ತದೆ. ಅವರಿಗೆ ರಾತ್ರಿ ಹನ್ನೊಂದಕ್ಕೆ ಆಟೋದವನಿಗೆ ದಾರಿ ಹೇಳುವ ಕಷ್ಟವೂ ಇಲ್ಲ.

ಪೂರ್ತಿ ಕನ್ನಡ ಹೆಸರಿಡಿ, "ಪಶು ಚಿಕಿತ್ಸಾಲಯ" ಅನ್ನಿ ಅಂತ ಇಲ್ಲಿ ಹೇಳಿದ ಹಿರಿಯರ ಮಾತು ಅರ್ಧ ಸರಿ. ಕನ್ನಡ ಬೇಕು, ಆದರೆ ಪಶು ಅಂದರೆ ನಮ್ಮ ಕಡೆ ದನ. ದನದ ಆಸ್ಪತ್ರೆ ಅಂತಲೇ ಜನ ಓದಿಕೊಳ್ಳುತ್ತಾರೆ. ಪೊಮೇರಿಯನ್ ಎತ್ತಿಕೊಂಡು ಬರುವವರು ಹೊಸ್ತಿಲಲ್ಲೇ ನಿಂತು "ಇಲ್ಲಿ ನಾಯಿ ನೋಡ್ತಾರಾ?" ಅಂತಾರೆ. ನಿಮ್ಮಕ್ಕ ಹಸು, ಎಮ್ಮೆಯನ್ನೂ ನೋಡುವುದಾದರೆ ಮಾತ್ರ ಪಶು ಒಳ್ಳೆಯದು.

"ಮಲ್ಟಿ ಸ್ಪೆಷಾಲಿಟಿ ಹಾಸ್ಪಿಟಲ್" ತೆಗೆಯಿರಿ, ದಯವಿಟ್ಟು. ಒಳಗೆ ಒಬ್ಬರೇ ಡಾಕ್ಟರ್ ಇದ್ದಾರೆ, ಎಕ್ಸ್‌ರೇ ಇಲ್ಲ ಅಂತ ನೀವೇ ಹಿಂದೊಂದು ಪೋಸ್ಟಿನಲ್ಲಿ ಬರೆದಿದ್ದೀರಿ. ಆಸ್ಪತ್ರೆ ಅಂದರೆ ಜನರ ಲೆಕ್ಕದಲ್ಲಿ ರಾತ್ರಿ ಮಲಗಿಸಿಕೊಳ್ಳುವ ಜಾಗ. ನಾವೂ ಹಾಸ್ಪಿಟಲ್ ಅಂತ ಹಾಕಿ, ಪಾರ್ವೊ ಬಂದ ಮರಿಗೆ ಡ್ರಿಪ್ ಹಾಕಿ ಸಂಜೆ ಮನೆಗೆ ಕಳಿಸಿದರೆ "ಇದೆಂಥಾ ಆಸ್ಪತ್ರೆ" ಅಂತ ಬೈಸಿಕೊಂಡೆವು. ಅದೇ ಕ್ಲಿನಿಕ್ ಅಂತ ಬದಲಾಯಿಸಿದ ಮೇಲೆ ಅದೇ ಚಿಕಿತ್ಸೆಗೆ "ಪಾಪ, ಎಂಟು ಗಂಟೆವರೆಗೂ ಕೂತಿದ್ದರು" ಅಂದರು. 24 ಗಂಟೆ ಅನ್ನುವುದಕ್ಕೂ ಇದೇ ಮಾತು.

"ಪೆಟ್ ಶಾಪ್" ಅನ್ನುವುದೂ ಬೇಡ. ಆ ಎರಡು ಪದ ನೋಡಿದರೆ ಜನ ಕೇಳುವುದು "ಲ್ಯಾಬ್ ಮರಿ ಎಷ್ಟು?" ದಿನಕ್ಕೆ ಐದಾರು ಫೋನ್. ಮರಿ ಮಾರುವುದಾದರೆ 2018ರ ಪೆಟ್ ಶಾಪ್ ನಿಯಮದ ಪ್ರಕಾರ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಬೇಕು. ನೀವು ಮಾರುವುದು ಬರೀ ಫುಡ್, ಬೆಲ್ಟ್. ಹಾಗಿದ್ದ ಮೇಲೆ "ನಾಯಿ ಬೆಕ್ಕಿನ ಆಹಾರ, ಸಾಮಾನು" ಅಂತಲೇ ಬರೆಸಿ. ಇನ್ನೊಂದು. ನಮ್ಮ ಮೊದಲನೇ ಬೋರ್ಡಿನವನು ಒಳಗಿನ ಬೋರ್ಡಿನಲ್ಲಿ ಶಾಪ್ ಅನ್ನುವುದನ್ನು "ಶಾಪ" ಮಾಡಿಟ್ಟಿದ್ದ. ಅತ್ತೆ ಓದಿ, "ಯಾರಿಗಮ್ಮ ಶಾಪ ಹಾಕ್ತಿದ್ದೀರಿ?" ಅಂದರು. ಕೋರೆಲ್ ಡ್ರಾಗೆ ಕನ್ನಡ ಪೇಸ್ಟ್ ಮಾಡಿದಾಗ ಒತ್ತಕ್ಷರ, ಅರ್ಧಾಕ್ಷರ ಒಡೆಯುವುದುಂಟು. ವಾಟ್ಸಾಪಿನ ಡಿಸೈನ್ ಓಕೆ ಅಂತ ಬಿಡಬೇಡಿ, ಪ್ರಿಂಟಿಗೆ ಹೋಗುವ ಫೈಲನ್ನೇ ಒಂದೊಂದು ಅಕ್ಷರ ಓದಿ.

ನಾಯಿಯ ಹೆಸರೇ ಇಡುವುದಾದರೂ ಎಚ್ಚರ. ನಮ್ಮ ನಾಯಿ ರಾಮು. ಆ ಹೆಸರಿಡೋಣ ಅಂತಿದ್ದೆ, ಪಕ್ಕದ ಬೇಕರಿಯವರ ಹೆಸರೂ ಅದೇ, ಬಿಟ್ಟೆವು. ಬೆಳ್ಳಿ ಅಂದರೆ ಚಿನ್ನದಂಗಡಿ ಆಯಿತು, ಜಿಮ್ಮಿ ಅಂದರೆ ಜಿಮ್. ತೀರಿಕೊಂಡ ನಾಯಿಯ ನೆನಪಿಗೆ "ಮೆಮೋರಿಯಲ್" ಸೇರಿಸಬೇಡಿ. ಜ್ವರ ಬಂದ ನಾಯಿ ಹಿಡಿದುಕೊಂಡು ಬಂದವರು ಅದನ್ನು ಓದಿದರೆ ಎದೆ ಧಸಕ್ ಅನ್ನುತ್ತದೆ. ಡಾಕ್ಟರ್ ಹೆಸರನ್ನೇ ಕ್ಲಿನಿಕ್ಕಿಗೆ ಇಡುವುದು ನಂಬಿಕೆಗೆ ಒಳ್ಳೆಯದು. ಆದರೆ ಮುಂದೆ ಅಕ್ಕನಿಗೆ ಸರ್ಕಾರಿ ಕೆಲಸ ಸಿಕ್ಕರೆ ಬೋರ್ಡ್ ಏನು ಮಾಡ್ತೀರಿ? ಇದರಲ್ಲಿ ನಮ್ಮ ಮನೆಯಲ್ಲೇ ಇನ್ನೂ ಜಗಳ ಇದೆ. ಯಜಮಾನರು ತಮ್ಮ ಹೆಸರೇ ಮೇಲೆ ಇರಬೇಕಿತ್ತು ಅಂತಾರೆ. ಸಂಖ್ಯಾಶಾಸ್ತ್ರಕ್ಕೆ ಇನ್ನೊಂದು 'ಎ' ಸೇರಿಸಿ ಅಂದವರಿಗೆ ಒಂದೇ ಪ್ರಶ್ನೆ: ಮ್ಯಾಪಿನಲ್ಲಿ ಹುಡುಕುವವರಿಗೆ ಆ 'ಎ' ಹೇಗೆ ಗೊತ್ತಾಗಬೇಕು?

ಹೆಸರು ಗಟ್ಟಿಯಾದರೆ ಟ್ರೇಡ್‌ಮಾರ್ಕ್ ಸೈಟಿನಲ್ಲಿ ಪಬ್ಲಿಕ್ ಸರ್ಚ್ ಮಾಡಿ. ಚಿಕಿತ್ಸೆಗೆ ಕ್ಲಾಸ್ 44, ಅಂಗಡಿಗೆ 35. ವರ್ಡ್‌ಮಾರ್ಕ್ ಮಾತ್ರ ನೋಡಿದರೆ ಸಾಲದು, ಫೊನೆಟಿಕ್ ಸರ್ಚ್ ಕೂಡ ಮಾಡಿ, ಸ್ಪೆಲ್ಲಿಂಗ್ ಬೇರೆ ಇದ್ದು ಸದ್ದು ಒಂದೇ ಇರುವುದು ಅಲ್ಲಿ ಸಿಗುತ್ತದೆ. ಸ್ವಂತ ಹೆಸರಲ್ಲಿ ಆನ್‌ಲೈನ್ ಅರ್ಜಿಗೆ ಒಂದು ಕ್ಲಾಸಿಗೆ 4,500 ರೂಪಾಯಿ. ಟಾಮಿಯಂಥ ಸಾಮಾನ್ಯ ಹೆಸರು ನನ್ನೊಬ್ಬಳದೇ ಅಂತ ಹಿಡಿದುಕೊಳ್ಳುವುದು ಕಷ್ಟ, ಅದು ಗೊತ್ತಿದ್ದೇ ಇಟ್ಟೆವು. ಗೂಗಲ್ ಮ್ಯಾಪಿನಲ್ಲಿ ಬೋರ್ಡಿನಲ್ಲಿ ಇರುವಷ್ಟೇ ಹೆಸರು ಹಾಕಿ. "ಬೆಸ್ಟ್ ಡಾಗ್ ಡಾಕ್ಟರ್ ಹಾಸನ" ಅಂತೆಲ್ಲ ಹೆಸರಿಗೆ ಅಂಟಿಸಿದರೆ ಲಿಸ್ಟಿಂಗ್ ಸಸ್ಪೆಂಡ್ ಆಗಬಹುದು. ನಾವು ಹೆಸರು ಬದಲಿಸಿದಾಗ ಹೊಸ ಲಿಸ್ಟಿಂಗ್ ಮಾಡದೆ ಹಳೆಯದನ್ನೇ ತಿದ್ದಿದೆವು, ರಿವ್ಯೂಗಳು ಉಳಿದವು. ಉಳಿಯದ್ದು ಪ್ರಿಂಟ್ ಆಗಿದ್ದ ಸಾವಿರ ಲಸಿಕೆ ಕಾರ್ಡ್. ನೀವು ಮೊದಲು ನೂರೇ ಹಾಕಿಸಿ.

ಫುಡ್ ಕಂಪನಿಯವರು ಬಂದು ಬೋರ್ಡ್ ಫ್ರೀ ಅಂತಾರೆ. ನಮಗೂ ಒಂದು ಕಂಪನಿ ಕೊಟ್ಟಿತ್ತು. ಅವರ ನಾಯಿಯ ಫೋಟೊ ಮುಕ್ಕಾಲು, ನಮ್ಮ ಹೆಸರು ಮೂಲೆಯಲ್ಲಿ. ಮೊದಲೇ ಜನ ಎಲ್ಲಾ ನಾಯಿ ಫುಡ್ಡಿಗೂ ಪೆಡಿಗ್ರಿ ಅನ್ನುತ್ತಾರೆ. ಡಾಕ್ಟರ್ ಆ ಬ್ರ್ಯಾಂಡನ್ನೇ ಬರೆದುಕೊಡ್ತಾರೆ ಅನ್ನುವ ಅನುಮಾನ ಬಂದರೆ ಹೋಗಲ್ಲ. ಸ್ವಂತ ದುಡ್ಡಲ್ಲಿ ಚಿಕ್ಕ ಬೋರ್ಡ್ ಹಾಕಿ, ಸಾಕು.

ನಡುವೆ ಪರ್ಷಿಯನ್ ಬೆಕ್ಕಿನ ಕೂದಲು ಉದುರುತ್ತೆ ಅಂತ ಕೇಳಿದವರಿಗೆ: ಇದು ಹೆಸರಿನ ಥ್ರೆಡ್ಡು ಮಾರಾಯ್ರೇ. ದಿನಾ ಬಾಚಿ, ಬರೀ ಉದುರುವುದೋ ಅಥವಾ ದುಂಡಗೆ ಬೋಳಾಗುತ್ತಿದೆಯೋ ನೋಡಿ. ಬೋಳು ಇದ್ದರೆ ಫಂಗಸ್ ಇರಬಹುದು, ಮನೆಯ ಮಕ್ಕಳಿಗೂ ಹತ್ತುತ್ತದೆ, ಡಾಕ್ಟರಿಗೆ ತೋರಿಸಿ.

ತಮ್ಮಾ, ಹತ್ತು ಜನ ಬರೆದ ಚೀಟಿಗಳ ಫೋಟೊ ಇಲ್ಲಿ ಹಾಕಿ. ಆಟೋದವನದು ಮೊದಲು.