ಬಿಡಿಸಿದ ಒತ್ತೆಯೋ, ಕೈಬಿಟ್ಟುಹೋದ ಒತ್ತೆಯೋ?

ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಕಂಪನಿಗಳು ತಮ್ಮ ಷೇರುದಾರರ ವಿವರವನ್ನು ವಿನಿಮಯ ಕೇಂದ್ರಕ್ಕೆ ಸಲ್ಲಿಸಬೇಕು. ಆ ಗಡುವು ಕಳೆದ ಮರುದಿನದಿಂದ ಪ್ರವರ್ತಕರು ಸಾಲಕ್ಕೆ ಒತ್ತೆ ಇಟ್ಟ ಷೇರುಗಳ ಕುರಿತು ನನಗೆ ಒಂದೇ ಪ್ರಶ್ನೆ ಬೇರೆ ಬೇರೆ ಹೆಸರುಗಳಲ್ಲಿ ಬರತೊಡಗುತ್ತದೆ. ಈ ಸಲ ಅದಕ್ಕೆ ವಿವರವಾಗಿ ಉತ್ತರಿಸಿ ಕೈತೊಳೆದುಕೊಳ್ಳುತ್ತೇನೆ. ಪ್ರವರ್ತಕರು ಯಾರು, ಡಿಮ್ಯಾಟ್ ಎಂದರೇನು ಎಂದು ಇಲ್ಲಿ ವಿವರಿಸುವುದಿಲ್ಲ. ಅದು ಗೊತ್ತಿಲ್ಲದವರು ಸದ್ಯಕ್ಕೆ ಬಿಡಿ ಷೇರುಗಳ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಪ್ರಶ್ನೆ: ನನ್ನ ಬಳಿ ಇರುವ ಒಂದು ಕಂಪನಿಯಲ್ಲಿ ಪ್ರವರ್ತಕರ ಒತ್ತೆ ಶೇ 60ರಿಂದ ಶೇ 43ಕ್ಕೆ ಇಳಿದಿದೆ. ಸಾಲ ತೀರುತ್ತಿದೆ ಎಂದೇ ಅರ್ಥವಲ್ಲವೇ? ಸಾರ್ವಜನಿಕರ ಪಟ್ಟಿಯಲ್ಲಿ ಹೊಸದಾಗಿ ಒಂದು ಬ್ಯಾಂಕಿನ ಹೆಸರೂ ಇದೆ. ದೊಡ್ಡ ಬ್ಯಾಂಕೇ ಕೊಂಡ ಮೇಲೆ ನಾನೂ ಇನ್ನಷ್ಟು ಕೊಳ್ಳಬಹುದಲ್ಲ?

ಬ್ಯಾಂಕು ಕೊಂಡಿತು ಎಂದು ನಿಮಗೆ ಹೇಳಿದವರು ಯಾರು?

ಒಡವೆಯ ಲೆಕ್ಕದಲ್ಲಿ ನೋಡಿ. ಮನೆಯಲ್ಲಿ ಹತ್ತು ಬಳೆಗಳಿವೆ, ಆರು ಬಳೆಗಳು ಅಡವಿನಲ್ಲಿವೆ. ಅಂದರೆ ಶೇ 60 ಒತ್ತೆ. ಬಡ್ಡಿ ಕಟ್ಟಲಾಗದೆ ಅದರಲ್ಲಿ ಮೂರು ಬಳೆಗಳು ಹರಾಜಾದವು. ಈಗ ನಿಮ್ಮವು ಎನ್ನಬಹುದಾದ ಬಳೆಗಳು ಏಳು, ಅಡವಿನಲ್ಲಿರುವುದು ಮೂರು. ಒತ್ತೆ ಶೇ 43ಕ್ಕೆ ಇಳಿಯಿತು! ಇದನ್ನು ಕಂಡು ಮನೆಯಲ್ಲಿ ಯಾರಾದರೂ ಸಿಹಿ ಹಂಚುತ್ತಾರೆಯೇ? ಷೇರಿನ ವಿಷಯದಲ್ಲಿ ಮಾತ್ರ ಹಂಚುತ್ತಾರೆ.

ನೀವು ಬರೆದ ಶೇ 60, ಶೇ 43 ಎರಡೂ ಪ್ರವರ್ತಕರ ಪಾಲಿಗೆ ಹೋಲಿಸಿದ ಅಂಕಿಗಳು. ಕಂಪನಿಯ ಒಟ್ಟು ಷೇರುಗಳಿಗೆ ಹೋಲಿಸಿದವಲ್ಲ. ಪ್ರವರ್ತಕರ ಒಟ್ಟು ಪಾಲು ಎಷ್ಟಿತ್ತು, ಈಗ ಎಷ್ಟಿದೆ ಎಂಬುದನ್ನು ನೀವು ಬರೆದೇ ಇಲ್ಲ. ಬರೆಯುವವರು ನೂರಕ್ಕೆ ಐವರೂ ಇಲ್ಲ, ಆದರೆ ಉತ್ತರ ಇರುವುದು ಅಲ್ಲಿಯೇ. ಅದು ಶೇ 40 ಇತ್ತು ಎಂದುಕೊಳ್ಳೋಣ. ಅದರ ಶೇ 60 ಎಂದರೆ ಕಂಪನಿಯ ಶೇ 24ರಷ್ಟು ಷೇರು ಒತ್ತೆಯಲ್ಲಿತ್ತು. ಸಾಲಗಾರ ತಪ್ಪಿದ ಎಂದು ಬ್ಯಾಂಕು ಅದರಲ್ಲಿ ಅರ್ಧವನ್ನು, ಅಂದರೆ ಕಂಪನಿಯ ಶೇ 12ನ್ನು, ತನ್ನ ಖಾತೆಗೆ ಎಳೆದುಕೊಂಡರೆ ಪ್ರವರ್ತಕರ ಬಳಿ ಉಳಿಯುವುದು ಶೇ 28. ಅದರಲ್ಲಿ ಒತ್ತೆ ಶೇ 12. ಲೆಕ್ಕ ಹಾಕಿ ನೋಡಿ, ನಿಮ್ಮ ಶೇ 43 ಸಿಗುತ್ತದೆ. ಸಾಲ ತೀರಿಸಿಯೇ ಒತ್ತೆ ಬಿಡಿಸಿಕೊಂಡಿದ್ದರೆ ಪ್ರವರ್ತಕರ ಪಾಲು ಶೇ 40ರಲ್ಲಿಯೇ ನಿಂತಿರಬೇಕಿತ್ತು.

ಆದ್ದರಿಂದ ಎರಡು ತ್ರೈಮಾಸಿಕಗಳ ವಿವರಗಳನ್ನು ಅಕ್ಕಪಕ್ಕ ಇಟ್ಟು, ಪ್ರವರ್ತಕರ ಕೋಷ್ಟಕದಲ್ಲಿ ಷೇರುಗಳ ಸಂಖ್ಯೆಯನ್ನೇ ಓದಿ, ಶೇಕಡಾವಾರನ್ನಲ್ಲ. ಕಂಪನಿ ಹೊಸ ಷೇರು ಹೊರಡಿಸಿದರೂ ಶೇಕಡಾವಾರು ತಾನಾಗಿ ಇಳಿಯುತ್ತದೆ, ಅದರಲ್ಲಿ ಯಾರ ತಪ್ಪೂ ಇರುವುದಿಲ್ಲ. ಸಂಖ್ಯೆಯೇ ಕರಗಿದ್ದರೆ ಮಾತ್ರ ಷೇರು ಕೈ ಬದಲಾಯಿಸಿದೆ. ಎಲ್ಲಿಗೆ ಹೋಯಿತು ಎಂಬುದಕ್ಕೆ ಸಾರ್ವಜನಿಕರ ಕೋಷ್ಟಕ ನೋಡಿ. ಶೇ 1 ಅಥವಾ ಅದಕ್ಕಿಂತ ಹೆಚ್ಚು ಇರುವವರ ಹೆಸರು ಅಲ್ಲಿ ಬರುತ್ತದೆ. ನಿಮಗೆ ಧೈರ್ಯ ಕೊಟ್ಟ ಬ್ಯಾಂಕಿನ ಹೆಸರು ಅಲ್ಲಿಗೆ ಬಂದಿರುವುದು ಬಹುಶಃ ಹೀಗೆ. ಬ್ಯಾಂಕಿನ ಬದಲು ಸಾಲಪತ್ರಗಳ ಪರವಾಗಿ ಒತ್ತೆ ಹಿಡಿದ ಟ್ರಸ್ಟೀ ಸಂಸ್ಥೆಯ ಹೆಸರಿದ್ದರೂ ಇದೇ ಕಥೆ.

ಊಹೆ ಬೇಡ ಎನ್ನುವವರಿಗೆ ನೇರ ದಾರಿಯೂ ಇದೆ. ಸೆಬಿಯ 2011ರ ಸ್ವಾಧೀನ ನಿಯಮಗಳ 31ನೇ ನಿಯಮದಂತೆ, ಒತ್ತೆ ಇಟ್ಟರೂ ಬಿಡಿಸಿದರೂ ಸಾಲದಾತ ಕೈವಶ ಮಾಡಿಕೊಂಡರೂ 2022ರ ತನಕ ಪ್ರವರ್ತಕರೇ ಏಳು ಕೆಲಸದ ದಿನಗಳಲ್ಲಿ ತಿಳಿಸಬೇಕಿತ್ತು; ಈಗ ಡೆಪಾಸಿಟರಿಯಲ್ಲಿ ದಾಖಲಾದ ಒತ್ತೆಯ ವಿವರ ಅಲ್ಲಿಂದಲೇ ವಿನಿಮಯ ಕೇಂದ್ರಕ್ಕೆ ಹೋಗುತ್ತದೆ. ವಿನಿಮಯ ಕೇಂದ್ರದ ಜಾಲತಾಣದಲ್ಲಿ ಆ ವಿವರ ತೆರೆದರೆ ವಹಿವಾಟಿನ ಬಗೆ ಎಂಬಲ್ಲಿ Creation, Release, Invocation ಎಂಬ ಮೂರರಲ್ಲಿ ಒಂದು ಇರುತ್ತದೆ. Creation ಎಂದರೆ ಒತ್ತೆ ಇಟ್ಟದ್ದು, Release ಎಂದರೆ ಬಿಡಿಸಿದ್ದು, Invocation ಎಂದರೆ ಕೈಬಿಟ್ಟುಹೋದದ್ದು. ಈ ಒಂದು ಪದವನ್ನು ಓದದೆ ಒತ್ತೆ ಇಳಿಕೆಯನ್ನು ‘ಶುಭ ಸೂಚನೆ’ ಎಂದು ವಿಡಿಯೊ ಮಾಡುವವರಿಗೆ ಏನು ಹೇಳಲಿ!

ಇನ್ನು ಕಂಪನಿ ಯಾರ ಕೈಯಲ್ಲಿದೆ ಎಂಬುದು. ಒತ್ತೆ ಇಟ್ಟ ಮಾತ್ರಕ್ಕೆ ಮತದ ಹಕ್ಕು ಹೋಗುವುದಿಲ್ಲ. ಬಳೆ ಅಡವಿನಲ್ಲಿದ್ದರೂ ಮನೆಯ ಯಜಮಾನಿಕೆ ಹೋಗದ ಹಾಗೆ. ಸಾಲದಾತ ಕೈವಶ ಮಾಡಿಕೊಂಡ ಮೇಲೆ ಡೆಪಾಸಿಟರಿಯ ದಾಖಲೆಯಲ್ಲಿ ಫಲಾನುಭವಿ ಒಡೆಯ ಎಂದು ಅವನ ಹೆಸರು ಏರುತ್ತದೆ, ಮತವೂ ಅವನ ಕಡೆ ಸರಿಯುತ್ತದೆ. ಆದರೂ ಮಾರಾಟವಾಯಿತು ಎಂದಲ್ಲ. ದಾಖಲೆಯಲ್ಲಿ ಹೆಸರು ಬದಲಾದದ್ದು ಮಾರಾಟವಲ್ಲ, ಸಾಲದಾತ ನಿಜವಾಗಿ ಮಾರುವ ತನಕ ಸಾಲ ಕಟ್ಟಿ ಬಿಡಿಸಿಕೊಳ್ಳುವ ಹಕ್ಕು ಒತ್ತೆ ಇಟ್ಟವನಿಗೆ ಉಳಿದಿರುತ್ತದೆ ಎಂದು ಪಿಟಿಸಿ ಇಂಡಿಯಾ ಫೈನಾನ್ಷಿಯಲ್ ಸರ್ವಿಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿತು. ಅಂದರೆ ಮತ ಒಬ್ಬರ ಕೈಯಲ್ಲಿ, ಬಿಡಿಸಿಕೊಳ್ಳುವ ಹಕ್ಕು ಇನ್ನೊಬ್ಬರ ಕೈಯಲ್ಲಿ. ಈ ನಡುಗಾಲದಲ್ಲಿ ಕಂಪನಿ ಏನಾಗುತ್ತದೆ ಎಂಬುದಕ್ಕೆ ಡಿಷ್ ಟಿವಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ.

2019ರಲ್ಲಿ ಆ ಕಂಪನಿಯ ಅರ್ಧಕ್ಕಿಂತ ಹೆಚ್ಚು ಷೇರು ಪ್ರವರ್ತಕ ಕುಟುಂಬದ್ದಾಗಿತ್ತು. ಬಹುಪಾಲು ಒತ್ತೆಯಲ್ಲಿತ್ತು. 2020ರ ಮೇ ತಿಂಗಳಲ್ಲಿ ಯೆಸ್ ಬ್ಯಾಂಕ್ ತನ್ನ ಬಳಿಯ ಒತ್ತೆಯನ್ನು ಕೈವಶ ಮಾಡಿಕೊಂಡಿತು; ಅದರ ಪಾಲು ಸುಮಾರು ಶೇ 25 ಆಯಿತು. ಉಳಿದ ಸಾಲದಾತರೂ ಇದೇ ದಾರಿ ಹಿಡಿದು ಕೊನೆಗೆ ಪ್ರವರ್ತಕರಲ್ಲಿ ಉಳಿದದ್ದು ಶೇ 6ರ ಆಸುಪಾಸು. ಆದರೆ ಆಡಳಿತ ಮಂಡಳಿಯಲ್ಲಿ ಕುಳಿತವರು ಮೊದಲಿನವರೇ! ಒಂದು ವರ್ಷಕ್ಕೂ ಹೆಚ್ಚು ಕಾಲ ಅತಿ ದೊಡ್ಡ ಷೇರುದಾರ ಒಬ್ಬ, ಕಂಪನಿ ನಡೆಸುವವರು ಮತ್ತೊಬ್ಬರು.

2021ರ ಸೆಪ್ಟೆಂಬರಿನಲ್ಲಿ ಬ್ಯಾಂಕು, ಆಡಳಿತ ನಿರ್ದೇಶಕರನ್ನೂ ಇತರ ನಿರ್ದೇಶಕರನ್ನೂ ತೆಗೆದುಹಾಕಲು ವಿಶೇಷ ಸಭೆ ಕರೆಯಿರಿ ಎಂದು ಪತ್ರ ಕೊಟ್ಟಿತು. ಶೇ 10ರಷ್ಟು ಮತಬಲ ಇರುವವರು ಹೀಗೆ ಕೇಳಬಹುದು. ನಿರ್ದೇಶಕರನ್ನು ಕೆಳಗಿಳಿಸಲು ಚಲಾಯಿತ ಮತಗಳಲ್ಲಿ ಬಹುಮತ ಸಾಕು. ಕಂಪನಿ ಸಭೆ ಕರೆಯಲಿಲ್ಲ. ವಿಷಯ ಕಂಪನಿ ನ್ಯಾಯಮಂಡಳಿಗೆ ಹೋಯಿತು. ನಡುವೆ ನೊಯಿಡಾ ಪೊಲೀಸರ ನೋಟಿಸಿನಿಂದ ಬ್ಯಾಂಕಿನ ಮತದ ಹಕ್ಕೇ ಸ್ಥಗಿತವಾಗಿ, ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಡಬೇಕಾಯಿತು. 2021ರ ಡಿಸೆಂಬರ್ 30ರಂದು ನಡೆದ ವಾರ್ಷಿಕ ಸಭೆಯ ಮತದ ಫಲಿತಾಂಶ ಹೊರಬಂದದ್ದು ಸೆಬಿ ಆದೇಶಿಸಿದ ಮೇಲೆ, 2022ರ ಮಾರ್ಚ್‌ನಲ್ಲಿ. ಜೂನ್‌ನಲ್ಲಿ ಷೇರುದಾರರು ಆಡಳಿತ ನಿರ್ದೇಶಕರ ಮರುನೇಮಕವನ್ನು ತಿರಸ್ಕರಿಸಿದರು.

ಒತ್ತೆ ಬ್ಯಾಂಕಿನ ವಶವಾದದ್ದು 2020ರ ಮೇ, ಅಧಿಕಾರ ಅಲುಗಾಡಿದ್ದು 2022ರ ಜೂನ್. ಈ ಎರಡು ವರ್ಷ ಷೇರುದಾರರ ಕೋಷ್ಟಕ ಓದಿದವರಿಗೆ ಮುಂದೇನಾಗಬಹುದು ಎಂಬ ಸುಳಿವಿತ್ತು. ಯಾವಾಗ ಎಂಬುದು ಮಾತ್ರ ಯಾವ ಕೋಷ್ಟಕದಲ್ಲಿಯೂ ಬರೆದಿರಲಿಲ್ಲ.

ಮೇಲಿನ ಲೆಕ್ಕದಂತೆ ನಿಮ್ಮ ಬ್ಯಾಂಕಿನ ಶೇ 12ಕ್ಕೆ ಸಭೆ ಕರೆಸುವ ಬಲವಿದೆ, ಒಬ್ಬನೇ ಗೆಲ್ಲುವ ಬಲವಿಲ್ಲ. ಪ್ರವರ್ತಕರ ಬಳಿ ಇನ್ನೂ ಶೇ 28 ಇದೆ, ಒತ್ತೆಯಲ್ಲಿರುವ ಶೇ 12ರ ಮತವೂ ಸದ್ಯಕ್ಕೆ ಅವರದೇ. ಆ ಶೇ 12ವೂ ಜಾರಿದರೆ ಬ್ಯಾಂಕಿನ ಬಳಿ ಶೇ 24, ಪ್ರವರ್ತಕರ ಬಳಿ ಶೇ 16. ಆ ದಿನ ಕಂಪನಿ ಯಾರದು ಎಂದು ನನ್ನನ್ನು ಕೇಳಬೇಕಾಗಿಲ್ಲ. ಇನ್ನೊಂದು ಮಾತು: ಬ್ಯಾಂಕಿಗೆ ಕಂಪನಿ ನಡೆಸುವ ಆಸೆ ಇರುವುದಿಲ್ಲ, ಹಣ ವಾಪಸು ಬೇಕಿರುತ್ತದೆ. ಅದರ ಹೆಸರು ಪಟ್ಟಿಯಲ್ಲಿದೆ ಎಂದರೆ ಮಾರಲು ಕಾದಿರುವವನೊಬ್ಬ ಅಲ್ಲಿ ಕುಳಿತಿದ್ದಾನೆ ಎಂದು ಓದಿಕೊಳ್ಳಿ. ಇನ್ನಷ್ಟು ಕೊಳ್ಳಲೇ ಎಂದಿರಿ. ನಾನಾದರೆ ಕೊಳ್ಳುವುದಿಲ್ಲ.

ಪ್ರಶ್ನೆ: ಹೊಸ ಸಾಲ ಮಾಡಿಲ್ಲ ಎಂದು ಪ್ರವರ್ತಕರು ಹೇಳುತ್ತಾರೆ, ಒತ್ತೆ ಮಾತ್ರ ಏರುತ್ತಲೇ ಇದೆ. ಸುಳ್ಳು ಹೇಳುತ್ತಿದ್ದಾರೆಯೇ?

ಇಲ್ಲದಿರಬಹುದು, ಆದರೆ ಅದರಿಂದ ಸಮಾಧಾನ ಪಡಬೇಡಿ. ₹100 ಕೋಟಿ ಸಾಲಕ್ಕೆ ಎರಡರಷ್ಟು ಬೆಲೆಯ ಷೇರು ಒತ್ತೆ ಇರಬೇಕು ಎಂದು ಕರಾರು ಇದೆ ಎನ್ನಿ. ಷೇರಿನ ಬೆಲೆ ₹200 ಇದ್ದಾಗ 1 ಕೋಟಿ ಷೇರು ಸಾಕಾಗಿತ್ತು. ಬೆಲೆ ₹100ಕ್ಕೆ ಬಿದ್ದರೆ 2 ಕೋಟಿ ಷೇರು ಇಡಬೇಕು. ಸಾಲ ಒಂದು ರೂಪಾಯಿಯೂ ಏರಿಲ್ಲ, ಒತ್ತೆ ಇಮ್ಮಡಿಯಾಯಿತು. ಬೆಲೆ ಇಳಿದ ತ್ರೈಮಾಸಿಕದಲ್ಲಿ ಒತ್ತೆ ಏರಿದರೆ ಮೊದಲು ಇದನ್ನು ಅನುಮಾನಿಸಿ. ಇಡಲು ಇನ್ನು ಷೇರೇ ಇಲ್ಲ ಎಂಬ ಹಂತ ಬಂದಾಗ ಸಾಲದಾತ ಮಾರತೊಡಗುತ್ತಾನೆ, ಬೆಲೆ ಇನ್ನೂ ಬೀಳುತ್ತದೆ. ಬೆಲೆ ಸ್ಥಿರವಾಗಿದ್ದೂ ಒತ್ತೆ ಏರಿದರೆ, ಆಗ ಹೊಸ ಸಾಲದ ಬಗ್ಗೆ ಕೇಳಿ. ಪ್ರವರ್ತಕರ ಪಾಲಿನ ಶೇ 50 ಅಥವಾ ಕಂಪನಿಯ ಶೇ 20 ಒತ್ತೆ ಮುಟ್ಟಿದರೆ ಕಾರಣವನ್ನೇ ಬರೆದು ಕೊಡಬೇಕು ಎಂದು ಸೆಬಿ 2019ರಲ್ಲಿ ನಿಯಮ ಮಾಡಿದೆ. ಆ ಕಾಗದವನ್ನು ಹುಡುಕಿ ಓದಿ. ಸಾಲ ಕಂಪನಿಗೋ, ಪ್ರವರ್ತಕರ ಬೇರೆ ವ್ಯವಹಾರಕ್ಕೋ ಎಂಬುದು ಅದರಲ್ಲಿ ತಿಳಿಯುತ್ತದೆ.

ಪ್ರಶ್ನೆ: ಟೆಲಿಗ್ರಾಂ ಗುಂಪಿನಲ್ಲಿ ‘ಸೊನ್ನೆ ಒತ್ತೆ’ ಕಂಪನಿಗಳ ಪಟ್ಟಿಯನ್ನು ₹999ಕ್ಕೆ ಕೊಡುತ್ತಿದ್ದಾರೆ. ಕೊಳ್ಳಲೇ?

ವಿನಿಮಯ ಕೇಂದ್ರಗಳ ಜಾಲತಾಣದಲ್ಲಿ ಪುಕ್ಕಟೆ ಸಿಗುವುದಕ್ಕೆ ₹999 ಏಕೆ? ಐಟಿಸಿಯಲ್ಲಿ ಒತ್ತೆ ಸೊನ್ನೆ, ಏಕೆಂದರೆ ಅಲ್ಲಿ ಪ್ರವರ್ತಕರೇ ಇಲ್ಲ. ಇನ್ನು ಕೆಲವೆಡೆ ಪ್ರವರ್ತಕರು ಒತ್ತೆ ಎಂಬ ಹೆಸರಿಲ್ಲದೆಯೇ, ‘ಸಾಲ ತೀರುವ ತನಕ ಮಾರುವುದಿಲ್ಲ’ ಎಂಬ ಮುಚ್ಚಳಿಕೆ ಬರೆದುಕೊಟ್ಟು ಸಾಲ ಎತ್ತುತ್ತಿದ್ದರು. 2019ರಿಂದ ಅದೂ ಷೇರಿನ ಮೇಲಿನ ಹೊರೆಯ ಲೆಕ್ಕಕ್ಕೆ ಸ್ಪಷ್ಟವಾಗಿ ಸೇರಿದೆ. ಒತ್ತೆಯ ಕಾಲಂ ಒಂದನ್ನೇ ನೋಡಿ ತಯಾರಿಸಿದ ಪಟ್ಟಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು?

ಪ್ರಶ್ನೆ: ಬ್ರೋಕರ್ ಬಳಿ ಮಾರ್ಜಿನ್‌ಗೆಂದು ನಾನು ಒತ್ತೆ ಇಟ್ಟ ಷೇರುಗಳು ಪ್ರವರ್ತಕರ ಒತ್ತೆಯ ಲೆಕ್ಕಕ್ಕೆ ಸೇರುತ್ತವೆಯೇ?

ನೀವು ಪ್ರವರ್ತಕರೇ? ಅಲ್ಲ. ಸೇರುವುದಿಲ್ಲ.

ಪ್ರಶ್ನೆ: ಒತ್ತೆ ಎಷ್ಟು ದಾಟಿದರೆ ಮಾರಬೇಕು? ಒಂದೇ ಅಂಕಿ ಹೇಳಿ.

ಹಾಗೊಂದು ಅಂಕಿ ಯಾವ ಶಾಸ್ತ್ರದಲ್ಲಿಯೂ ಇಲ್ಲ. ಒತ್ತೆಯಲ್ಲಿರುವ ಷೇರು ಕಂಪನಿಯ ಕಾಲು ಭಾಗ ದಾಟಿದರೆ ನಾನು ಮುಟ್ಟುವುದಿಲ್ಲ; ಅದು ನನ್ನ ಪುಕ್ಕಲುತನ, ನಿಯಮವಲ್ಲ. ಈ ಪ್ರಶ್ನೆಯನ್ನು ದಯವಿಟ್ಟು ಮತ್ತೆ ಕಳುಹಿಸಬೇಡಿ.