ಹೆಸರು ತೆಗೆದರೂ ಉಳಿಯುವ ಗುರುತು

ಬೀಡಿ ಕಟ್ಟುತ್ತಿದ್ದ ಅಜ್ಜಿಯೊಬ್ಬರ ಮಾತನ್ನು ವಿದ್ಯಾರ್ಥಿನಿಯೊಬ್ಬಳು ತನ್ನ ಅಧ್ಯಯನಕ್ಕೆಂದು ಧ್ವನಿಮುದ್ರಿಸಿದ್ದಾಳೆ; ಅವರು ಯಾರೆಂದು ಗೊತ್ತಾಗದಂತೆ ಮಾಡಿ ಅದನ್ನು ಇಂಗ್ಲಿಷಿಗೆ ತರುವ ಕೆಲಸ ನನ್ನದು. ‘ಹೆಸರು ಹೊಡೆದುಹಾಕಿ ಇಂಗ್ಲಿಷಿಗೆ ಅನುವಾದಿಸಿದರಾಯಿತು, ಅದಕ್ಕೆ ಹದಿನೈದು ದಿನ ಏಕೆ?’ ಎಂದು ನೀವು ಬೆಂಗಳೂರಿನಿಂದ ಕೇಳಿದ್ದೀರಿ. ಧ್ವನಿಮುದ್ರಣದಲ್ಲಿ ಆ ಅಜ್ಜಿ ಆಡುವುದು ಕನ್ನಡವೇ ಎಂದೂ ಕೇಳಿದ್ದೀರಿ. ಕನ್ನಡವೇ. ಅತ್ತಿಗೆಗೆ ವೈನಿ, ಚಿಕ್ಕಪ್ಪನಿಗೆ ಕಾಕಾ, ಚಿಕ್ಕಮ್ಮನಿಗೆ ಮಾವಶಿ ಎನ್ನುವುದು ಬೆಳಗಾವಿಯ ನಮ್ಮ ಮನೆಗಳ ಕನ್ನಡ. ಅದಕ್ಕಾಗಿ ನಾವು ಯಾರ ಅನುಮತಿಯನ್ನೂ ಪಡೆದಿಲ್ಲ.

ಹೆಸರು ತೆಗೆಯುವ ಕೆಲಸ ಅರ್ಧ ದಿನದ್ದು. ಗಂಗವ್ವ ಎಂಬ ಹೆಸರನ್ನು ಹುಡುಕಿ ಬದಲಿಸಿದರೆ ಗಂಗೂ, ಗಂಗಕ್ಕ ಎಂಬ ರೂಪಗಳು ಉಳಿದುಬಿಡುತ್ತವೆ. ಆದ್ದರಿಂದ ಕಣ್ಣಿಟ್ಟು ಓದಬೇಕು, ಧ್ವನಿಕಡತದ ಹೆಸರಿನಲ್ಲಿಯೂ ಊರು ಉಳಿದಿಲ್ಲವೆಂದು ನೋಡಿಕೊಳ್ಳಬೇಕು, ನಿಜ ಹೆಸರಿನ ಪಟ್ಟಿಯನ್ನು ಬೇರೆಡೆ ಇಡಬೇಕು. ನನ್ನನ್ನು ಕಾಡಿದ್ದು ಒಂದೇ ವಾಕ್ಯ. ನಿಮಗೆ ತೋರಿಸಲೆಂದು ಅದನ್ನೂ ಸ್ವಲ್ಪ ಬದಲಿಸಿಯೇ ಬರೆಯುತ್ತಿದ್ದೇನೆ: ‘ತಂಬಾಕಿನ ಚಳವಳಿ ನಡದ ವರ್ಷ ನಮ್ಮಪ್ಪ ಪೊಲೀಸ್ ಪಾಟೀಲ ಇದ್ದರ್ರಿ, ನಾ ಎರಡನೇ ಬಾಣಂತನಕ್ಕ ತವರಿಗೆ ಹೋಗಿದ್ದೆ.’

ಇದರಲ್ಲಿ ಯಾರ ಹೆಸರೂ ಇಲ್ಲ. ಆದರೆ ತಂಬಾಕು ಬೆಳೆಗಾರರ ಚಳವಳಿಯೆಂದರೆ ಬೆಳಗಾವಿ ಜಿಲ್ಲೆಯ ನಿಪ್ಪಾಣಿ, 1981 ಎಂದು ಇಲ್ಲಿಯ ಹಿರಿಯರಿಗೆ ಕೂಡಲೇ ತಿಳಿಯುತ್ತದೆ. ಊರಿನ ಪೊಲೀಸ್ ಕೆಲಸ ನೋಡಿಕೊಳ್ಳುವ ಗ್ರಾಮಾಧಿಕಾರಿಯಾದ ‘ಪೊಲೀಸ್ ಪಾಟೀಲ’ ಎಂಬುದು ಅದಕ್ಕಿಂತ ಸೂಕ್ಷ್ಮವಾದ ಗುರುತು. ಕರ್ನಾಟಕದಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳು 1963ರಲ್ಲಿ ರದ್ದಾಗಿ ಪಾಟೀಲ ಎಂಬುದು ಬರಿಯ ಅಡ್ಡಹೆಸರಾಗಿ ಉಳಿಯಿತು. ಮಹಾರಾಷ್ಟ್ರದಲ್ಲಾದರೋ 1967ರ ಕಾಯ್ದೆಯಡಿ ಪೊಲೀಸ್ ಪಾಟೀಲರನ್ನು ನೇಮಿಸುತ್ತಲೇ ಬಂದಿದ್ದಾರೆ. ಹಾಗಾಗಿ 1981ರಲ್ಲಿ ಆ ಹುದ್ದೆಯಲ್ಲಿದ್ದವನ ಮನೆ ಗಡಿಯ ಆಚೆಯದೆಂದು ಗೊತ್ತಾಗುತ್ತದೆ. ಊರಿಗೊಬ್ಬ ಪೊಲೀಸ್ ಪಾಟೀಲ. ಅವನ ಮಗಳು ಗಡಿಯ ಈಚೆಗೆ ಬಂದು ಬೀಡಿ ಕಟ್ಟಿದವಳು, ಆ ವರ್ಷ ಎರಡನೆಯ ಬಾಣಂತಿ. ಇನ್ನು ಆಧಾರ್ ಸಂಖ್ಯೆಯೊಂದು ಬೇಕೆ?

ವಿದ್ಯಾರ್ಥಿನಿಯ ಅಧ್ಯಯನವೇ ಚಳವಳಿಯ ಕಾಲದ ಹೆಂಗಸರ ದುಡಿಮೆಯ ಬಗ್ಗೆ ಇರುವುದರಿಂದ ವರ್ಷವನ್ನು ಅಳಿಸುವಂತಿರಲಿಲ್ಲ. ಅದು ಉಳಿದ ಮೇಲೆ ಊರನ್ನು ಮುಚ್ಚಿಡುವುದು ಕೇವಲ ನಾಟಕ. ಸಡಿಲಿಸಬೇಕಾದದ್ದು ಮನೆತನದ ವಿವರಗಳನ್ನು. ಮೂಲದ ಅರ್ಥ ಕೆಡದಿರಲೆಂದು ಪೂರ್ತಿ ಅನುವಾದಿಸಿಕೊಂಡು, ಆಮೇಲೆ ‘ಪೊಲೀಸ್ ಪಾಟೀಲ’ನ ಜಾಗದಲ್ಲಿ ‘[ಊರಲ್ಲಿ ಅಧಿಕಾರವಿದ್ದ ಮನೆ]’ ಎಂದೂ, ಬಾಣಂತನದ ಜಾಗದಲ್ಲಿ ‘[ಕೂಸು ಚಿಕ್ಕದಿತ್ತು]’ ಎಂದೂ ಆವರಣದೊಳಗೆ ಬರೆದೆ. ಬದಲಾಯಿಸಿದ ಮಾತು ಅಜ್ಜಿಯದಲ್ಲ, ನನ್ನದು ಎಂದು ಓದುವವರಿಗೆ ತಿಳಿಯಬೇಕಲ್ಲ. ತವರಿಗೆ ಹೋದ ಮಾತನ್ನು ಹಾಗೆಯೇ ಬಿಟ್ಟೆ. ಅದು ನಮ್ಮಲ್ಲಿ ಎಲ್ಲ ಹೆಂಗಸರ ಮಾತು. ಆದರೂ ನಷ್ಟವಾಯಿತು: ಅಧಿಕಾರದ ಮನೆಯ ಮಗಳು ಬೀಡಿಗೆ ಕುಳಿತಳೆಂಬ ಸಂಗತಿ ಅರ್ಧ ಮಾತ್ರ ಉಳಿಯಿತು. ಎಷ್ಟು ಉಳಿಸಬೇಕೆಂಬುದನ್ನು ವಿದ್ಯಾರ್ಥಿನಿ ಅಜ್ಜಿಯನ್ನೇ ಕೇಳಿ ಬರಲಿ ಎಂದು ಹೇಳಿ ಕಳಿಸಿದ್ದೇನೆ, ಏಕೆಂದರೆ ಒಪ್ಪಿಗೆ ಕೊಡುವಾಗ ಅವರು ಈ ವಾಕ್ಯವನ್ನು ಇನ್ನೂ ಆಡಿರಲಿಲ್ಲ.

ಅವರು ಕನ್ನಡದವರೋ ಮರಾಠಿಯವರೋ ಎಂದು ನೀವು ಮತ್ತೆ ಕೇಳುತ್ತೀರಿ. ಅದನ್ನು ಹೇಳುವ ಸಾಲೂ ಕತ್ತರಿಸಿದವುಗಳ ಪೈಕಿಯೇ ಇದೆ.