ಕನ್ನಡದಲ್ಲಿ ಸಬ್‌ಜಂಕ್ಟಿವ್ ಇದೆಯೇ?

"ಇಂಗ್ಲಿಷಿನಲ್ಲಿ ‘ಇಫ್ ಐ ವರ್’ ಅಂತಾರಲ್ಲ, ಇಲ್ಲದ್ದನ್ನು ಇದ್ದಂತೆ ಹೇಳೋದಕ್ಕೆ. ಕನ್ನಡದಲ್ಲಿ ಅದಕ್ಕೆ ಬೇರೆ ಕ್ರಿಯಾರೂಪ ಇದೆಯಾ?"

ಅದಕ್ಕೆಂದೇ ಮೀಸಲಾದ ರೂಪವಿಲ್ಲ. ಆ ಕೆಲಸಕ್ಕೆ ನಾವು ಭೂತಕಾಲವನ್ನೇ ಎರವಲು ಪಡೆಯುತ್ತೇವೆ.

ಈ ಎರಡು ವಾಕ್ಯ ನೋಡಿ:

ದುಡ್ಡಿದ್ದರೆ ಕೊಡುತ್ತೇನೆ.
ದುಡ್ಡಿದ್ದಿದ್ದರೆ ಕೊಡುತ್ತಿದ್ದೆ.

ಮೊದಲನೆಯದರಲ್ಲಿ ಬಾಗಿಲು ತೆರೆದೇ ಇದೆ. ಜೇಬು ನೋಡಿಕೊಂಡು ಹೇಳುತ್ತೇನೆ ಅಂತ. ಎರಡನೆಯದು ‘ಇಲ್ಲ’ ಎಂದು ಹೇಳಿಯೇ ಬಿಟ್ಟಿತು, ಸಾಲ ಕೇಳಿದವರಿಗೆ ಅದು ಥಟ್ಟನೆ ಅರ್ಥವಾಗುತ್ತದೆ! ಬದಲಾದದ್ದು ಇಷ್ಟೇ: ‘ಇದ್ದರೆ’ಯ ಹಿಂದೆ ಇನ್ನೊಂದು ‘ಇದ್ದು’ ಸೇರಿತು, ಕೊನೆಯ ಕ್ರಿಯಾಪದ ‘-ತ್ತಿದ್ದೆ’ ಆಯಿತು. ಒಂಟಿಯಾಗಿ ನಿಂತರೆ ‘ಕೊಡುತ್ತಿದ್ದೆ’ ಎಂಬುದು ಹಿಂದಿನ ರೂಢಿ: ‘ಆಗೆಲ್ಲ ತಿಂಗಳಿಗೊಮ್ಮೆ ಕೊಡುತ್ತಿದ್ದೆ.’ ‘-ದ್ದಿದ್ದರೆ’ ಜೊತೆಗೆ ಬಂದಾಗ ಅದೇ ರೂಪ ನಡೆಯದ ಸಂಗತಿಯನ್ನು ಹೇಳುತ್ತದೆ. ಇಂಗ್ಲಿಷಿನ ‘ವರ್’ ಕೂಡ ನೋಡಲು ಭೂತಕಾಲವೇ. ಕಾಲದಲ್ಲಿ ದೂರವಾದದ್ದನ್ನೂ ವಾಸ್ತವದಿಂದ ದೂರವಾದದ್ದನ್ನೂ ಒಂದೇ ರೂಪದಲ್ಲಿ ಹೇಳುವುದು ಹಲವು ಭಾಷೆಗಳ ಅಭ್ಯಾಸ.

ಒಂದು ಮಿತಿಯಿದೆ. ಎರಡನೆಯ ವಾಕ್ಯ ಇವತ್ತಿನ ಮಾತೋ ಹೋದ ವರ್ಷದ್ದೋ ಎಂದು ರೂಪದಿಂದ ತಿಳಿಯದು. ‘ಈಗ’, ‘ಆಗ’ ಎಂದು ಸೇರಿಸಿಯೇ ಹೇಳಬೇಕು.